ಎಎಂಸಿ ನಿಲ್ಲಿಸುವ ಪತ್ರದಲ್ಲೇ ‘ಡೇಟಾ ಅಳಿಸಿ’ ಎಂದು ಬರೆಯಬಹುದೇ?

ಪ್ರಶ್ನೆ: ನಮ್ಮ ಶಾಲೆಯ ಫೀ ಸಾಫ್ಟ್‌ವೇರ್ ಕಂಪನಿಯವರ ಸರ್ವರ್‌ನಲ್ಲೇ ಇದೆ. ಮಾರ್ಚ್ 31ಕ್ಕೆ ಎಎಂಸಿ ಮುಗಿಯುತ್ತದೆ, ಮುಂದುವರಿಸುವ ಯೋಚನೆ ಇಲ್ಲ. ನಮ್ಮ ಡೇಟಾ ಕೊಟ್ಟು, ಅವರ ಬಳಿ ಇರುವುದನ್ನು ಅಳಿಸಿ ಎಂದು ಒಂದೇ ಪತ್ರದಲ್ಲಿ ಕೇಳಬಹುದೇ?

ಉತ್ತರ: ಕೇಳಬಹುದು. ಆದರೆ ಅಳಿಸುವ ಮಾತಿಗೆ ಒಂದು ಷರತ್ತು ಸೇರಿಸಿ: ‘ಡೇಟಾ ಪೂರ್ತಿ ಬಂದಿದೆ ಎಂದು ನಾವು ಲಿಖಿತವಾಗಿ ತಿಳಿಸಿದ ಮೇಲೆ ಮಾತ್ರ ಅಳಿಸಬೇಕು.’ ಈ ಸಾಲು ಇಲ್ಲದಿದ್ದರೆ ಅವರು ಅರೆಬರೆ ಫೈಲ್ ಕಳಿಸಿ ಅಂದೇ ಅಳಿಸಿದರೂ ನೀವು ಕೇಳಿದ್ದನ್ನೇ ಮಾಡಿದಂತಾಗುತ್ತದೆ.

ಮೊದಲು ಕರಾರು ತೆಗೆದು ನೋಟಿಸ್ ಅವಧಿ ಎಷ್ಟೆಂದು ನೋಡಿ. 60 ದಿನ ಎಂದಿದ್ದರೆ ಪತ್ರ ಜನವರಿ 30ರೊಳಗೆ ಅವರ ಕೈಸೇರಬೇಕು. ತಾನಾಗಿ ನವೀಕರಣವಾಗುವ ಷರತ್ತಿದ್ದರೆ, ಮಾರ್ಚ್‌ನಲ್ಲಿ ಬರೆದ ಪತ್ರಕ್ಕೆ ಮುಂದಿನ ವರ್ಷದ ಬಿಲ್ಲೇ ಉತ್ತರವಾಗಿ ಬಂದೀತು. ಡೇಟಾ ಮಾತ್ರ ಮಾರ್ಚ್ 10ರೊಳಗೆ ಒಮ್ಮೆ ಸಿಗಲಿ ಎಂದು ಕೇಳಿ. ತಪ್ಪಿದ್ದರೆ ತಿದ್ದಿಸಲು ಲಾಗಿನ್ ಇನ್ನೂ ತೆರೆದಿರುತ್ತದೆ. ಕೊನೆಯ ದಿನದ ಲೆಕ್ಕ ಸೇರಿಸಿ 31ರಂದು ಮತ್ತೊಮ್ಮೆ ತೆಗೆದುಕೊಳ್ಳಿ.

ಪಿಡಿಎಫ್ ವರದಿಗಳನ್ನು ಡೇಟಾ ಎಂದು ಒಪ್ಪಬೇಡಿ, ಅವನ್ನು ಹೊಸ ಸಾಫ್ಟ್‌ವೇರಿಗೆ ಏರಿಸಲು ಬರುವುದಿಲ್ಲ. ಪ್ರತಿ ಟೇಬಲ್ಲಿಗೂ ಒಂದು ಯುಟಿಎಫ್-8 ಸಿಎಸ್‌ವಿ ಫೈಲ್, ಜತೆಗೆ ಯಾವ ಕಾಲಂ ಏನು ಎಂಬ ಪಟ್ಟಿ, ಫೋಟೋ ಮತ್ತು ರಸೀದಿಗಳ ಫೋಲ್ಡರ್ ಬೇಕು ಎಂದು ಬರೆಯಿರಿ.

ಬಂದ ಮೇಲೆ ಎಣಿಸಿ. ಪರದೆಯಲ್ಲಿ 842 ವಿದ್ಯಾರ್ಥಿಗಳಿದ್ದರೆ ಫೈಲಿನಲ್ಲಿ ಶೀರ್ಷಿಕೆ ಬಿಟ್ಟು 842 ಸಾಲು ಇರಬೇಕು, ವರ್ಷದ ಫೀ ಮೊತ್ತವೂ ತಾಳೆಯಾಗಬೇಕು. ವರ್ಗಾವಣೆ ಪತ್ರ ಪಡೆದು ಹೋದ ಮಕ್ಕಳ ದಾಖಲೆ ಬಿಟ್ಟುಹೋಗುವುದೇ ಹೆಚ್ಚು, ಅದನ್ನು ಬೇರೆಯಾಗಿ ಕೇಳಿ.

ಆಮೇಲೆ ಕನ್ನಡದ ಹೆಸರುಗಳನ್ನು ನೋಡಿ. `à²•` ತರಹದ ಅಕ್ಷರಗಳು ಕಂಡರೆ ಗಾಬರಿ ಬೇಡ: ಡೇಟಾ ಸರಿಯಿದೆ, ಎಕ್ಸೆಲ್ ತಪ್ಪಾಗಿ ಓದಿದೆ. `Data > From Text/CSV`ನಲ್ಲಿ `65001: Unicode (UTF-8)` ಆರಿಸಿ ತೆರೆಯಿರಿ. ಹಾಗೆ ತೆರೆದರೂ `?????` ಎಂದೇ ಇದ್ದರೆ ಆ ಫೈಲಿನಲ್ಲಿ ಅಕ್ಷರವೇ ಉಳಿದಿಲ್ಲ, ಮತ್ತೆ ತೆಗೆಸಬೇಕು. `PÀ£ÀßqÀ` ಎಂಬಂತೆ ಕಂಡರೆ ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’. ಯೂನಿಕೋಡಿಗೆ ಪರಿವರ್ತಿಸಿದರೆ ಸಾಕು.

ಇಷ್ಟು ತಾಳೆಯಾದ ಮೇಲೆ ಒಪ್ಪಿಗೆ ಕಳಿಸಿ, ಅಳಿಸಿದ್ದಕ್ಕೆ ಲೆಟರ್‌ಹೆಡ್‌ನಲ್ಲಿ ಪತ್ರ ಪಡೆಯಿರಿ. ‘ಡಿಲೀಟ್ ಆಗಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸಾಲದು. ಮುಖ್ಯ ಸರ್ವರ್, ಟೆಸ್ಟಿಂಗ್‌ಗೆಂದು ಮಾಡಿಕೊಂಡ ನಕಲು, ಬ್ಯಾಕಪ್ ಮೂರಕ್ಕೂ ಅದರಲ್ಲಿ ದಿನಾಂಕ ಇರಲಿ. ಬ್ಯಾಕಪ್ 30 ದಿನಕ್ಕೊಮ್ಮೆ ತಾನಾಗಿ ಅಳಿಯುವ ವ್ಯವಸ್ಥೆ ಇದ್ದರೆ, ‘ಇವತ್ತೇ ಎಲ್ಲ ಹೋಯಿತು’ ಎಂಬ ಮಾತಿಗಿಂತ ‘ಮೇ 10ಕ್ಕೆ ಕೊನೆಯ ಬ್ಯಾಕಪ್ ಹೋಗುತ್ತದೆ’ ಎಂಬುದನ್ನೇ ನಾವು ಹೆಚ್ಚು ನಂಬುತ್ತೇವೆ. ಅವರ ಬಿಲ್ ಮತ್ತು ಕರಾರಿನ ಪ್ರತಿ ಅವರ ಲೆಕ್ಕಕ್ಕೆ ಬೇಕು, ಅದನ್ನು ಅಳಿಸಲು ಕೇಳಬೇಡಿ.

ಸಪೋರ್ಟಿಗೆಂದು ಆಫೀಸ್ ಕಂಪ್ಯೂಟರಿಗೆ ಹಾಕಿಕೊಟ್ಟ ಎನಿಡೆಸ್ಕ್ ಪಾಸ್‌ವರ್ಡ್ ಇದ್ದರೆ ಅದನ್ನು ನೀವೇ ಅದೇ ದಿನ ತೆಗೆದುಹಾಕಿ.