ಮೂರು ಪಟ್ಟಾದ ರಿಪೇರಿ, ಸದ್ದಿಲ್ಲದ ಮೈದಾ

ಬೇಕರಿ ನಡೆಸುವವರೊಬ್ಬರು ಲಾಭ-ನಷ್ಟದ ಪಟ್ಟಿ ಹಿಡಿದು ಬಂದರು. "ಸಾರ್, ಎರಡು ವರ್ಷದಲ್ಲಿ ವ್ಯಾಪಾರ 80 ಲಕ್ಷದಿಂದ ಒಂದು ಕೋಟಿಗೆ ಏರಿದೆ. ಆದರೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಈ ಓವನ್ ರಿಪೇರಿಯೇ ನನ್ನನ್ನು ಮುಳುಗಿಸುತ್ತಿದೆ" ಎಂದರು. ರಿಪೇರಿ ಖರ್ಚು 20 ಸಾವಿರದಿಂದ 60 ಸಾವಿರಕ್ಕೆ ಹೋಗಿದ್ದು ನಿಜ.

ಮೊದಲು ಟ್ರೆಂಡ್ ಪಟ್ಟಿ ಹಾಕಿದೆ. ಮೊದಲ ವರ್ಷದ ಪ್ರತಿ ಮೊತ್ತವನ್ನೂ 100 ಎಂದು ಹಿಡಿದರೆ ಮಾರಾಟ ಈಗ 125. ಇದನ್ನು ದಾಟಿದ ಖರ್ಚೆಲ್ಲ ಮಾರಾಟಕ್ಕಿಂತ ಬೇಗ ಬೆಳೆದಿದೆ ಎಂದರ್ಥ. ಸಂಬಳ ಸರಿಯಾಗಿ 125ಕ್ಕೆ ನಿಂತಿತ್ತು. ಅಂಗಡಿ ಬಾಡಿಗೆ ಏರಿದ್ದರೂ 110 ಅಷ್ಟೇ. ರಿಪೇರಿ 300, ವ್ಯಾನ್ ಬಾಡಿಗೆ 208, ಮೈದಾ, ಸಕ್ಕರೆ, ಎಣ್ಣೆ ಸೇರಿದ ಕಚ್ಚಾ ಸಾಮಗ್ರಿ 127.

ಇಷ್ಟನ್ನೇ ನೋಡಿದರೆ ರಿಪೇರಿಯೇ ಖಳನಾಯಕ. ಟ್ರೆಂಡ್ ಪಟ್ಟಿಯ ದೋಷವೇ ಇದು: ಮೂಲ ಮೊತ್ತ ಚಿಕ್ಕದಿದ್ದರೆ ಅಂಕಿ ಹಾರಿ ಕುಣಿಯುತ್ತದೆ. ಆದ್ದರಿಂದ ಪಕ್ಕದಲ್ಲೇ ಕಾಮನ್ ಸೈಜ್ ಪಟ್ಟಿ ಬೇಕು. ಅದರಲ್ಲಿ ಆಯಾ ವರ್ಷದ ಮಾರಾಟವೇ 100, ಪ್ರತಿ ಖರ್ಚೂ ಅದರಲ್ಲಿ ಒಂದು ಪಾಲು. ರಿಪೇರಿಯ ಪಾಲು ಶೇ 0.25ರಿಂದ 0.6ಕ್ಕೆ, ವ್ಯಾನಿನದು ಶೇ 3ರಿಂದ 5ಕ್ಕೆ, ಕಚ್ಚಾ ಸಾಮಗ್ರಿಯದು ಶೇ 55ರಿಂದ 56ಕ್ಕೆ ಏರಿತ್ತು. ಪಾಲಿನ ಏರಿಕೆಯನ್ನು ಈ ವರ್ಷದ ಮಾರಾಟದಿಂದ ಗುಣಿಸಿದರೆ ಹೆಚ್ಚಿಗೆ ಹೋದ ಹಣ ಸಿಗುತ್ತದೆ. ರಿಪೇರಿಯಲ್ಲಿ 35 ಸಾವಿರ, ವ್ಯಾನಿನಲ್ಲಿ 2 ಲಕ್ಷ. ಟ್ರೆಂಡಿನಲ್ಲಿ ಎರಡೇ ಅಂಕ ಮುಂದಿದ್ದ ಕಚ್ಚಾ ಸಾಮಗ್ರಿಯಲ್ಲಿ 1 ಲಕ್ಷ!

ಆದರೂ ವ್ಯಾನಿನ ಅಂಕಿಯನ್ನು ನಾನು ಕಣ್ಣುಮುಚ್ಚಿ ನಂಬಲಿಲ್ಲ. 'ಇತರೆ ಖರ್ಚು' 1.60 ಲಕ್ಷದಿಂದ 1.25 ಲಕ್ಷಕ್ಕೆ ಇಳಿದಿತ್ತು. ವ್ಯಾಪಾರ ಬೆಳೆಯುವಾಗ ಇತರೆ ಖರ್ಚು ಇಳಿಯುವುದು ಅಪರೂಪ. ಸಾಮಾನ್ಯವಾಗಿ ಯಾರೋ ಖಾತೆ ಬದಲಿಸಿರುತ್ತಾರೆ. ಲೆಡ್ಜರ್ ತೆಗೆಸಿದಾಗ ಮೊದಲ ವರ್ಷದ 60 ಸಾವಿರ ವ್ಯಾನ್ ಬಾಡಿಗೆ ಅಲ್ಲಿ ಅಡಗಿತ್ತು. ಅದನ್ನು ಸ್ವಸ್ಥಾನಕ್ಕೆ ತಂದ ಮೇಲೆ ವ್ಯಾನಿನ ಮೂಲ ಮೊತ್ತ 2.40 ಲಕ್ಷದ ಬದಲು 3 ಲಕ್ಷವಾಯಿತು. ಟ್ರೆಂಡ್ 167ಕ್ಕೆ, ಹೆಚ್ಚುವರಿ ಹೊರೆ 1.25 ಲಕ್ಷಕ್ಕೆ ಇಳಿಯಿತು. ಮೊದಲ ಸ್ಥಾನ ಮಾತ್ರ ತಪ್ಪಲಿಲ್ಲ.

"ಡೀಸೆಲ್ ದುಬಾರಿ ಸಾರ್" ಎಂದರು. ಟ್ರಿಪ್ ಚೀಟಿಗಳನ್ನು ನೋಡಿದರೆ ಪಕ್ಕದ ತಾಲ್ಲೂಕಿನ ಆರು ಅಂಗಡಿಗಳಿಗೆ ದಿನವೂ ಅರ್ಧ ಖಾಲಿ ವ್ಯಾನ್ ಹೋಗುತ್ತಿತ್ತು. ದಿನ ಬಿಟ್ಟು ದಿನ ಕಳುಹಿಸಲು ಒಪ್ಪಿದ್ದಾರೆ.

ಮೈದಾದ ವಿಷಯ ಇನ್ನೂ ಬಾಕಿಯಿದೆ. ದರ ಏರಿತೋ, ಸಾಮಗ್ರಿ ಪೋಲಾಯಿತೋ, ಬನ್ನಿನ ಬೆಲೆ ಏರಿಸಲಿಲ್ಲವೋ, ಈ ಎರಡು ಪಟ್ಟಿಗಳು ಹೇಳಲಾರವು. ಖರೀದಿ ಬಿಲ್ಲುಗಳ ಜೊತೆಗೆ ಎರಡೂ ವರ್ಷದ ಮಾರ್ಚ್ 31ರ ದಾಸ್ತಾನು ಲೆಕ್ಕವನ್ನೂ ತರಲು ಹೇಳಿದ್ದೇನೆ.