ಪದ ಪರಿಚಯ: ಮಾತೃಭಾಷಾ ಆಧಾರಿತ ಬಹುಭಾಷಾ ಶಿಕ್ಷಣ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಎರಡನೆಯ ತರಗತಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಒಂದು ಸಂಜೆ ಅವನು ‘ಹುಡುಗಿ ಬಾವಿಯಿಂದ ನೀರು ಸೇದಿದಳು’ ಎಂಬ ಸಾಲನ್ನು ಎಲ್ಲಿಯೂ ತಡವರಿಸದೆ ಓದಿದ. ಪುಸ್ತಕ ಮುಚ್ಚಿ, ಏನಾಯಿತು ಹೇಳು ಎಂದು ಕೊಂಕಣಿಯಲ್ಲೇ ಕೇಳಿದೆ. ‘ನೀರು’ ಎಂದ, ಮುಂದೆ ಮಾತಿಲ್ಲ. ಆಮೇಲೆ ಕನ್ನಡ ಲಿಪಿಯಲ್ಲೇ ‘ಬಾಂಯ್’ ಎಂದು ಬರೆದು ತೋರಿಸಿದೆ. ಬಾವಿಗೆ ಅವರ ಮನೆಯ ಮಾತು ಅದು. ‘ಬಾ, ಬಾಮ’ ಎಂದು ಎಡವಿದ, ಮತ್ತೆ ದಿಟ್ಟಿಸಿದ, ‘ಬಾಂಯ್!’ ಎಂದು ಹಿತ್ತಿಲ ಕಡೆ ಕೈ ಚಾಚಿದ.

ಈ ಎರಡು ಓದುಗಳ ನಡುವಿನ ವ್ಯತ್ಯಾಸದಲ್ಲೇ ‘ಮಾತೃಭಾಷಾ ಆಧಾರಿತ ಬಹುಭಾಷಾ ಶಿಕ್ಷಣ’ ಎಂಬ ಪದದ ಅರ್ಥವಿದೆ. ಅಕ್ಷರ ಕೂಡಿಸುವ ಮಗು ಮೊದಲು ಅರೆಬರೆ ಉಚ್ಚಾರ ತೆಗೆಯುತ್ತದೆ. ಆ ಪದ ಈಗಾಗಲೇ ಕಿವಿಯಲ್ಲಿದ್ದರೆ, ತಪ್ಪನ್ನು ಕಿವಿಯೇ ತಿದ್ದುತ್ತದೆ. ಪದವೇ ಗೊತ್ತಿಲ್ಲದಿದ್ದರೆ ತಿದ್ದುವವರು ಯಾರೂ ಇಲ್ಲ. ಸರಿಯಾಗಿ ಓದಿದರೂ ಅದು ಸರಿ ಎಂಬುದು ಮಗುವಿಗೆ ತಿಳಿಯುವುದಿಲ್ಲ. ಕನ್ನಡದ ಅಕ್ಷರಗಳೇನೂ ಬೇಗ ಕೈಗೆ ಬರುವಂಥವಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪಗಳು. ಮಕ್ಕಳ ಓದಿನ ಕಲಿಕೆಯ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಕೊಂಕಣಿ ಮನೆಯ ಮಗು ಇದರ ಜೊತೆಗೇ ಹೊಸ ಭಾಷೆಯನ್ನೂ ಹೊರಬೇಕು.

ಮಾತೃಭಾಷಾ ಆಧಾರಿತ ಬಹುಭಾಷಾ ಶಿಕ್ಷಣ ಈ ಎರಡು ಹೊರೆಗಳನ್ನು ಬೇರೆ ಮಾಡುತ್ತದೆ. ಓದುಬರಹವನ್ನು ಮನೆಮಾತಿನಲ್ಲಿ ಶುರುಮಾಡುತ್ತದೆ. ಅದೇ ಸಮಯದಲ್ಲಿ ಎರಡನೆಯ ಭಾಷೆಯನ್ನು ಹಾಡು, ಆಟ, ಮಾತುಕತೆಯಿಂದ ಕಿವಿಗೆ ಹಾಕುತ್ತದೆ. ಓದು ಕುದುರಿದ ಮೇಲೆ ಎರಡನೆಯ ಭಾಷೆಯ ಪುಸ್ತಕ ತೆರೆಯುತ್ತದೆ, ಆದರೆ ಮೊದಲನೆಯದನ್ನು ಮುಚ್ಚುವುದಿಲ್ಲ. ನಮ್ಮಲ್ಲಿ ಇದನ್ನು ‘ಕನ್ನಡ ಮಾಧ್ಯಮ’ ಎಂದೇ ತಿಳಿಯುತ್ತಾರೆ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಅದು ಸರಿ. ಕಾರವಾರದ ಕೊಂಕಣಿ ಮಗುವಿಗೂ ಭಟ್ಕಳದ ನವಾಯತಿ ಮಗುವಿಗೂ ಕನ್ನಡವೇ ಎರಡನೆಯ ಭಾಷೆ. ಆರನೆಯ ತರಗತಿಯಲ್ಲಿ ಕೊಂಕಣಿಯನ್ನು ತೃತೀಯ ಭಾಷೆಯಾಗಿ ಆಯ್ದುಕೊಳ್ಳುವುದು ಒಳ್ಳೆಯದೇ, ಆದರೆ ಅದೂ ಇದಲ್ಲ. ಅಷ್ಟು ಹೊತ್ತಿಗೆ ಓದು ಕಲಿಯುವ ಕಾಲ ದಾಟಿರುತ್ತದೆ.

ಮನೆಮಾತಿಗೆ ಕೊಟ್ಟ ಸಮಯದಿಂದ ಎರಡನೆಯ ಭಾಷೆ ಹಿಂದೆ ಬೀಳುವುದಿಲ್ಲವೇ ಎಂದು ತಂದೆತಾಯಿ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಕೋಮ್ ಭಾಷೆಯ ಪ್ರದೇಶದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 12 ಶಾಲೆಗಳಲ್ಲಿ ಮೊದಲ ಮೂರು ವರ್ಷ ಕೋಮ್ ಮಾಧ್ಯಮ, ಹೋಲಿಕೆಗೆ ಆರಿಸಿದ ಇನ್ನು 12ರಲ್ಲಿ ಮೊದಲಿನಿಂದಲೇ ಇಂಗ್ಲಿಷ್. ಮೂರನೆಯ ತರಗತಿಯ ಹೊತ್ತಿಗೆ ಕೋಮ್ ಮಕ್ಕಳು ಗಣಿತದಲ್ಲಷ್ಟೇ ಅಲ್ಲ, ಇಂಗ್ಲಿಷಿನಲ್ಲೂ ಬಹಳ ಮುಂದಿದ್ದರು. ನಾಲ್ಕನೆಯ ತರಗತಿಯಿಂದ ಅವರನ್ನೂ ಇಂಗ್ಲಿಷಿಗೆ ಸಾಗಿಸಿದರು. ಐದರ ಕೊನೆಗೆ ಮುನ್ನಡೆ ಅರ್ಧದಷ್ಟಕ್ಕೆ ಇಳಿದಿತ್ತು, ಎರಡೂ ಗುಂಪಿನ ಅಂಕಗಳೂ ಕಡಿಮೆಯೇ ಇದ್ದವು. ನನ್ನ ಮಟ್ಟಿಗೆ ಈ ಎರಡನೆಯ ಭಾಗವೇ ಮುಖ್ಯ. ಮೂರು ವರ್ಷಕ್ಕೆ ಮನೆಮಾತನ್ನು ಥಟ್ಟನೆ ನಿಲ್ಲಿಸಿದರೆ ಗಳಿಸಿದ್ದು ಸೋರಿಹೋಗುತ್ತದೆ.

ಕೋಮ್ ಮಕ್ಕಳಿಗಿದ್ದ ಒಂದು ಅನುಕೂಲ ಕಾರವಾರದ ಮಗುವಿಗೂ ಇದೆ: ಎರಡೂ ಭಾಷೆಗೆ ಒಂದೇ ಲಿಪಿ. ಕೊಂಕಣಿಯನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯಬಹುದು. ‘ಪೇಜ್’, ‘ಉದಕ’ ಎಂದು ಬರೆದು ಕಲಿತ ಅಕ್ಷರ ನಾಳೆ ಕನ್ನಡ ಪುಸ್ತಕದಲ್ಲಿ ಹಾಗೆಯೇ ಬಳಕೆಗೆ ಬರುತ್ತದೆ. ಮಹಾಪ್ರಾಣಗಳನ್ನೇ ನೋಡಿ. ಆಡುಮಾತಿನಲ್ಲಿ ಅವನ್ನು ಉಚ್ಚರಿಸದ ಕನ್ನಡದ ಮಗುವಿಗೆ ‘ಘ’ ಬಾಯಿಪಾಠದ ಅಕ್ಷರ. ಮನೆಗೆ ‘ಘರ್’ ಎನ್ನುವ ಮಗುವಿಗೆ ಅದು ದಿನಬಳಕೆಯ ಸದ್ದು.

ತೊಡಕು ಬೇರೆ ಕಡೆ ಇದೆ. ಬೇರೆ ಜಿಲ್ಲೆಯಿಂದ ಬಂದ ಶಿಕ್ಷಕರಿಗೆ ಕೊಂಕಣಿ ಬಾರದಿರಬಹುದು, ಒಂದೇ ತರಗತಿಯಲ್ಲಿ ಮೂರು ಮನೆಮಾತುಗಳಿರಬಹುದು. ಎಲ್ಲ ಭಾಷೆಗೂ ಪಠ್ಯಪುಸ್ತಕ ಮಾಡಲಾಗದ ಕಡೆ, ಊರಿನ ಭಾಷೆ ಬಲ್ಲ ಅಂಗನವಾಡಿ ಕಾರ್ಯಕರ್ತೆಯೋ ಅಜ್ಜಿಯೋ ಪಾಠದ ಕತೆಯನ್ನು ಓದಿಗೆ ಮುಂಚೆ ಮನೆಮಾತಿನಲ್ಲಿ ಹೇಳಿದರೂ ಮಗುವಿಗೆ ಹಿಡಿತ ಸಿಗುತ್ತದೆ.

ತೊಂದರೆ ಎಲ್ಲಿದೆ ಎಂದು ಮನೆಯಲ್ಲೇ ತಿಳಿಯಬಹುದು. ಓದಿಸಿ, ಪುಸ್ತಕ ಮುಚ್ಚಿ, ಮನೆಮಾತಿನಲ್ಲಿ ಕತೆ ಹೇಳಿಸಿ. ನಿರರ್ಗಳವಾಗಿ ಓದಿಯೂ ಹೇಳಲಾಗದಿದ್ದರೆ ಕೊರತೆಯಿರುವುದು ಭಾಷೆಯಲ್ಲಿ, ಅಕ್ಷರದಲ್ಲಲ್ಲ. ತಾನು ದಿನವೂ ಆಡುವ ಪದವನ್ನು ಬರೆದು ಕೊಟ್ಟರೂ ಓದಲಾಗದಿದ್ದರೆ ಅಕ್ಷರಕ್ಕೆ ಹಿಂತಿರುಗಬೇಕು. ಆ ಹುಡುಗನದು ಮೊದಲನೆಯ ಬಗೆ. ಮರುದಿನ ಅವನನ್ನು ಬಾವಿಕಟ್ಟೆಗೆ ಕರೆದೊಯ್ದು, ಹಗ್ಗ ಕೈಗೆ ಕೊಟ್ಟು, ಕೊಡ ಮೇಲೆ ಬರುವವರೆಗೂ ‘ಸೇದು, ಸೇದು’ ಎಂದೆ.