ದ್ರಾವಣ ತಿಳಿಯಾಯಿತು, ಪ್ರೋಟೀನ್ ಮಡಿಸಿಕೊಂಡಿತೇ?

"ಜೆಲ್‌ನ್ಯಾಗ ಬ್ಯಾಂಡ್ ಛಲೋ ಬಂದೈತಿ, ಆದ್ರ ಎನ್‌ಜೈಮ್ ಕೆಲಸಾನ ಮಾಡವಲ್ದು." ಹುಬ್ಬಳ್ಳಿ-ಧಾರವಾಡದ ಬಯೋಟೆಕ್ ವಿದ್ಯಾರ್ಥಿಗಳ ಬಾಯಲ್ಲಿ ಪ್ರಾಜೆಕ್ಟ್ ಮುಗಿಸುವ ಹೊತ್ತಿಗೆ ಕೇಳಿಬರುವ ಮಾತಿದು. ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಬೇರೆ ಜೀವಿಯ ಜೀನ್ ಕೊಟ್ಟು ಅವಸರದಲ್ಲಿ ಪ್ರೋಟೀನ್ ಮಾಡಿಸಿದರೆ, ಅದು ಎಷ್ಟೋ ಸಲ ಸರಿಯಾಗಿ ಮಡಿಸಿಕೊಳ್ಳದೆ ಕೋಶದೊಳಗೆ ಗಂಟುಗಟ್ಟುತ್ತದೆ. ಆ ಗಂಟೇ ಇನ್‌ಕ್ಲೂಷನ್ ಬಾಡಿ. ಜೆಲ್‌ನಲ್ಲಿ ಎಸ್‌ಡಿಎಸ್ ಪ್ರೋಟೀನನ್ನು ಹೇಗೂ ಬಿಚ್ಚಿಬಿಡುವುದರಿಂದ ಬ್ಯಾಂಡ್ ನೋಡಿ ಆಕಾರ ತಿಳಿಯದು.

ಬಿಚ್ಚಿದ ಪ್ರೋಟೀನ್ ತಾನಾಗಿ ಮತ್ತೆ ಮಡಿಸಿಕೊಳ್ಳಬಲ್ಲದು ಎಂದು ರೈಬೋನ್ಯೂಕ್ಲಿಯೇಸ್ ಮೇಲೆ ತೋರಿಸಿದ ಕ್ರಿಶ್ಚಿಯನ್ ಆನ್‌ಫಿನ್ಸೆನ್‌ಗೆ 1972ರಲ್ಲಿ ನೊಬೆಲ್ ಬಂತು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಗಂಟು ಬಿಚ್ಚುವುದು ಉದ್ಯಮದ ಕೆಲಸವೂ ಆಯಿತು.

ಬಿಚ್ಚಿದ ಪ್ರೋಟೀನ್ ಒಮ್ಮೆ ಮಡಿಸಿಕೊಂಡು, ಇನ್ನೊಮ್ಮೆ ಮತ್ತೆ ಗಂಟುಗಟ್ಟುವುದೇಕೆ ಎಂಬ ಗೊಂದಲ ತಿಳಿಯಾಗಿಸಿದ್ದು 1991ರಲ್ಲಿ ಗೋಲ್ಡ್‌ಬರ್ಗ್, ರುಡಾಲ್ಫ್, ಯೆನಿಕೆ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಎನ್‌ಜೈಮ್ ಲೈಸೋಜೈಮ್ ಮೇಲೆ ಮಾಡಿದ ಕೆಲಸ. ಮಡಿಸಿಕೊಳ್ಳುವುದು ಒಂದೇ ಅಣುವಿನ ಕೆಲಸ. ಗಂಟುಗಟ್ಟಲು ಅಣುಗಳು ಪರಸ್ಪರ ಸಿಗಬೇಕು. ಹಾಗಾಗಿ ಪ್ರೋಟೀನ್ ದಟ್ಟವಾದಷ್ಟೂ ಗಂಟೇ ಗೆಲ್ಲುತ್ತದೆ. 8 ಮೋಲಾರ್ ಯೂರಿಯಾದಲ್ಲಿ ಕರಗಿಸಿದ ದಟ್ಟ ಪ್ರೋಟೀನನ್ನು ನೇರ ಡಯಾಲಿಸಿಸ್ ಚೀಲಕ್ಕೆ ಹಾಕುವ ರೂಢಿ ಇನ್ನೂ ಹೋಗಿಲ್ಲ. ಯೂರಿಯಾ ನಡುಮಟ್ಟಕ್ಕೆ ಇಳಿದಾಗ ಅರ್ಧ ಮಡಿಸಿದ, ಅಂಟಿಕೊಳ್ಳುವ ಅಣುಗಳೇ ಹೆಚ್ಚು. ಚೀಲ ಬೆಳ್ಳಗಾಗುವುದು ಆಗಲೇ.

ಲೈಸೋಜೈಮನ್ನೇ ತೆಗೆದುಕೊಳ್ಳೋಣ. ತೊಳೆದ ಗಂಟನ್ನು 8 ಮೋಲಾರ್ ಯೂರಿಯಾ ಮತ್ತು ಡೈಸಲ್ಫೈಡ್ ಬಂಧ ಬಿಡಿಸುವ 10 ಮಿಲಿಮೋಲಾರ್ ಡಿಟಿಟಿಯಲ್ಲಿ ಕರಗಿಸಿ 1 ಮಿ.ಲೀ.ನಲ್ಲಿ 5 ಮಿ.ಗ್ರಾಂ ಸಿಕ್ಕಿತು ಎನ್ನಿ. ಯೂರಿಯಾ ಅಂದೇ ಮಾಡಿದ್ದಿರಲಿ, ಬಿಸಿ ಮಾಡಬಾರದು. ಹಳತಾದರೆ ಸಯನೇಟ್ ಹುಟ್ಟಿ ಪ್ರೋಟೀನಿಗೆ ಅಂಟುತ್ತದೆ. ಇದನ್ನು ಆರ್ಜಿನಿನ್ ಹಾಗೂ ಗ್ಲುಟಾಥಯೋನ್‌ನ ಆಕ್ಸಿಡೈಸ್ಡ್, ರೆಡ್ಯೂಸ್ಡ್ ಎರಡೂ ರೂಪಗಳಿರುವ, ಪಿಎಚ್ 8ರ ಆಸುಪಾಸಿನ 100 ಮಿ.ಲೀ. ಬಫರ್‌ಗೆ ಸ್ವಲ್ಪಸ್ವಲ್ಪವಾಗಿ, ನಡುವೆ ಬಿಡುವು ಕೊಟ್ಟು ಸೇರಿಸಬೇಕು. ಪ್ರೋಟೀನ್ ಮಿ.ಲೀ.ಗೆ 50 ಮೈಕ್ರೋಗ್ರಾಂ, ಯೂರಿಯಾ 0.08 ಮೋಲಾರ್‌ಗೆ ಇಳಿಯುತ್ತದೆ. ಡಿಟಿಟಿಯೂ 0.1 ಮಿಲಿಮೋಲಾರ್‌ಗೆ ಇಳಿಯುವುದರಿಂದ ಲೈಸೋಜೈಮ್‌ನ ನಾಲ್ಕು ಡೈಸಲ್ಫೈಡ್ ಬಂಧಗಳು ಕೂಡಲು ಅಡ್ಡಿಯಾಗದು. ಒಂದು ರಾತ್ರಿ ಬಿಟ್ಟು, ಉಳಿದ ಯೂರಿಯಾ, ಡಿಟಿಟಿಯನ್ನು ಡಯಾಲಿಸಿಸ್‌ನಲ್ಲಿ ತೆಗೆಯಬಹುದು. ಡಯಾಲಿಸಿಸ್‌ಗೆ ಇದೇ ತಕ್ಕ ಜಾಗ.

ದ್ರಾವಣ ತಿಳಿಯಾಗಿದ್ದರೆ ಗೆದ್ದೆವು ಎಂದು ಬರೆದುಬಿಡುವುದು ಸುಲಭ. ಸೆಂಟ್ರಿಫ್ಯೂಜ್ ಮಾಡಿದ ಮೇಲೆ 280 ನ್ಯಾನೋಮೀಟರ್‌ನಲ್ಲಿ ಅಳೆದರೆ 3.5 ಮಿ.ಗ್ರಾಂ ಸಿಕ್ಕಿತೆನ್ನಿ, 70 ಶೇಕಡಾ, ಕೇಳಲು ಚೆಂದ. ಅದನ್ನೇ ಮೈಕ್ರೋಕಾಕಸ್ ಬ್ಯಾಕ್ಟೀರಿಯಾ ಕೋಶಗಳ ಮಬ್ಬು ದ್ರಾವಣಕ್ಕೆ ಹಾಕಿ, 450 ನ್ಯಾನೋಮೀಟರ್‌ನಲ್ಲಿ ಮಬ್ಬು ಇಳಿಯುವ ವೇಗವನ್ನು ಬಾಟಲಿಯ ಸಹಜ ಲೈಸೋಜೈಮ್‌ನ ಜೊತೆ ಹೋಲಿಸಿದಾಗ 1 ಮಿ.ಗ್ರಾಂನಷ್ಟೇ ಕೆಲಸ ಕಂಡರೆ, ನಿಜವಾದ ಗಳಿಕೆ 20 ಶೇಕಡಾ. ಹೋಲಿಕೆಯ ಲೈಸೋಜೈಮ್‌ಗೂ ಅದೇ ಬಫರ್ ಹಾಕಿರಬೇಕು. ಇಲ್ಲದಿದ್ದರೆ ಬಫರ್‌ನ ಪರಿಣಾಮವನ್ನು ಪ್ರೋಟೀನ್ ತಲೆಗೆ ಕಟ್ಟಿದಂತಾಗುತ್ತದೆ.

ಉಳಿದ 2.5 ಮಿ.ಗ್ರಾಂ ಏನಾಯಿತು? ಜೆಲ್ ಫಿಲ್ಟ್ರೇಷನ್ ಕಾಲಮ್‌ನಲ್ಲಿ ಅದು ಬೇಗ ಹೊರಬಂದರೆ ಕಣ್ಣಿಗೆ ಕಾಣದ ಸಣ್ಣ ಗಂಟುಗಳಿವೆ. ಮುಂದಿನ ಸಲ ಇನ್ನಷ್ಟು ತೆಳು ಮಾಡಬೇಕು. ಸರಿಯಾದ ಜಾಗದಲ್ಲೇ ಬಂದೂ ಕೆಲಸ ಮಾಡದಿದ್ದರೆ ಡೈಸಲ್ಫೈಡ್ ಜೋಡಿ ತಪ್ಪಿರುವ ಅನುಮಾನ ಮೊದಲು. ಆಗ ಬದಲಿಸಿ ನೋಡಬೇಕಾದ್ದು ಗ್ಲುಟಾಥಯೋನ್‌ನ ಎರಡು ರೂಪಗಳ ಅನುಪಾತ.